ಅರವತ್ತು ದಿನಗಳ ಪತ್ರ

‘ಅವರನ್ನು ಪಿಐಪಿಗೆ ಹಾಕಿದ್ದಾರಂತೆ.’ ಬೆಂಗಳೂರಿನ ಕಂಪನಿಗಳ ಕ್ಯಾಂಟೀನಿನಲ್ಲಿ ಈ ಮಾತನ್ನು ಯಾರೂ ಜೋರಾಗಿ ಆಡುವುದಿಲ್ಲ. ಪರ್ಫಾರ್ಮೆನ್ಸ್ ಇಂಪ್ರೂವ್‌ಮೆಂಟ್ ಪ್ಲಾನ್ ಎಂದರೆ, ಕೆಲಸ ಸುಧಾರಿಸಿಕೊಳ್ಳಲು ಇಷ್ಟು ದಿನ ಕೊಟ್ಟಿದ್ದೇವೆ ಎಂದು ಕಂಪನಿ ಬರೆದುಕೊಡುವ ಪತ್ರ. ಅವಧಿ ಸಾಮಾನ್ಯವಾಗಿ 30, 60 ಇಲ್ಲವೇ 90 ದಿನ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಗ್ರಾಹಕರ ದೂರು ಬಗೆಹರಿಸುವ ತಂಡದಲ್ಲಿ ಒಬ್ಬ ಹುಡುಗಿ ಇದ್ದಾಳೆ. ‘ನಿಮ್ಮ ಕೆಲಸದ ಗುಣಮಟ್ಟ ಹೆಚ್ಚಬೇಕು’ ಎಂದು ಪತ್ರ ಬಂದರೆ ಅವಳು ಏನು ಮಾಡಬೇಕು? ಹೆಚ್ಚಿತೋ ಇಲ್ಲವೋ ಎಂದು ಕೊನೆಗೆ ಹೇಳುವುದು ಮ್ಯಾನೇಜರ ಮನಸ್ಸು ಮಾತ್ರ. ಅದರ ಬದಲು ಹೀಗೆ ಬರೆಯಬಹುದು: ‘ಕಳೆದ ಎರಡು ತಿಂಗಳಲ್ಲಿ ನೀವು ಮುಗಿಸಿದ 120 ಟಿಕೆಟ್‌ಗಳಲ್ಲಿ 30 ಮತ್ತೆ ತೆರೆದುಕೊಂಡಿವೆ, ಅಂದರೆ ನೂರಕ್ಕೆ 25. ಮಾರ್ಚ್ ಕೊನೆಗೆ ಇದು 15ಕ್ಕೆ, ಏಪ್ರಿಲ್ 30ರೊಳಗೆ 10ಕ್ಕೆ ಇಳಿಯಬೇಕು.’ ತಂಡದ ಉಳಿದವರು ಎಷ್ಟರಲ್ಲಿದ್ದಾರೆ ಎಂಬುದನ್ನೂ ಅಲ್ಲೇ ಹೇಳಬೇಕು. ಯಾರೂ ಮುಟ್ಟದ ಗುರಿಯನ್ನು ಇವಳೊಬ್ಬಳಿಗೆ ಇಟ್ಟರೆ ಅದು ಸುಧಾರಣೆಯ ಪತ್ರವಲ್ಲ.

ಅಂಕಿ ಬರೆಯಲು ಕೂತಾಗಲೇ ಕಾರಣವೂ ಕಾಣುತ್ತದೆ. ಆ 30ರಲ್ಲಿ 22 ಟಿಕೆಟ್‌ಗಳು ಹೊಸ ಬಿಲ್ಲಿಂಗ್ ವ್ಯವಸ್ಥೆಯವು ಎಂದುಕೊಳ್ಳಿ. ಅದರ ತರಬೇತಿ ನಡೆದಾಗ ಅವಳು ರಜೆಯಲ್ಲಿದ್ದಳು, ಮತ್ತೆ ಯಾರೂ ಹೇಳಿಕೊಡಲಿಲ್ಲ. ಹಾಗಾದರೆ ನೆರವಿನ ಭಾಗದಲ್ಲಿ ‘ಅಗತ್ಯ ಸಹಕಾರ ನೀಡಲಾಗುವುದು’ ಎಂದರೆ ಸಾಲದು. ಮೊದಲ ವಾರವೇ ಬಿಲ್ಲಿಂಗ್ ತರಬೇತಿ. ಎರಡು ವಾರ ದಿನಕ್ಕೊಂದು ಗಂಟೆ ಅನುಭವಿ ಸಹೋದ್ಯೋಗಿಯ ಪಕ್ಕ ಕೂತು ಕಲಿಕೆ. ಪ್ರತಿ ಸೋಮವಾರ ಟೀಮ್ ಲೀಡ್ ಜೊತೆ ಅರ್ಧ ಗಂಟೆ. ಕಲಿಸುವವರ ಹೆಸರೂ ಪತ್ರದಲ್ಲಿರಲಿ. ಹೆಸರಿಲ್ಲದ ನೆರವು ಕೆಲಸದ ಒತ್ತಡದಲ್ಲಿ ಮೊದಲು ಬಿಟ್ಟುಹೋಗುತ್ತದೆ.

ಪರಿಶೀಲನೆಯ ದಿನಗಳನ್ನೂ ಮೊದಲೇ ಬರೆದಿಡಬೇಕು. ಮಾರ್ಚ್ 2ಕ್ಕೆ ಶುರುವಾದರೆ 16, 30, ಏಪ್ರಿಲ್ 13, ಕೊನೆಯದು 30. ಪ್ರತಿ ಸಭೆಯ ಸಂಜೆಯೇ ಎರಡು ಸಾಲಿನ ಇಮೇಲ್ ಹೋಗಬೇಕು: ಅಂಕಿ ಎಷ್ಟಾಗಿದೆ, ಹೇಳಿದ ನೆರವು ಸಿಕ್ಕಿದೆಯೇ. ತರಬೇತಿ ಒಂದು ವಾರ ತಡವಾದರೆ ಗಡುವೂ ಒಂದು ವಾರ ಮುಂದಕ್ಕೆ ಹೋಗುವುದು ನ್ಯಾಯ. ಸಭೆಗಳು ಒಂದರ ಹಿಂದೊಂದು ರದ್ದಾಗಿ, ಕೊನೆಯ ದಿನ ಮಾತ್ರ ಎಚ್‌ಆರ್ ಕರೆ ಬಂದರೆ, ತೀರ್ಮಾನ ಮೊದಲೇ ಆಗಿತ್ತೇ ಎಂಬ ಅನುಮಾನಕ್ಕೆ ಆಧಾರವಿದೆ. ಗುರಿ ಮುಟ್ಟದಿದ್ದರೆ ಏನಾಗುತ್ತದೆ, ಅವಧಿ ವಿಸ್ತರಣೆಯೋ, ಬೇರೆ ಹೊಣೆಯೋ, ಕೆಲಸದಿಂದ ಬಿಡುಗಡೆಯೋ, ಅದನ್ನೂ ಮುಚ್ಚಿಡಬಾರದು.

ಪತ್ರ ಕೈಗೆ ಬಂದ ಹೊತ್ತಿಗೆ ಗಾಬರಿಯಾಗುವುದು ಸಹಜ. ಓದಲು ಒಂದು ದಿನ ಕೇಳಿ. ಯಾವುದಾದರೂ ಅಂಕಿ ತಪ್ಪೆನಿಸಿದರೆ ನಿಮ್ಮ ಲೆಕ್ಕವನ್ನು ಇಮೇಲ್‌ನಲ್ಲಿ ಕಳಿಸಿ. ಸಹಿಯ ಪಕ್ಕದಲ್ಲಿ ‘ಪತ್ರ ತಲುಪಿದೆ, ವಿವರಗಳಿಗೆ ನನ್ನ ಉತ್ತರ ಪ್ರತ್ಯೇಕವಾಗಿದೆ’ ಎಂದು ಬರೆದು, ಒಂದು ಪ್ರತಿ ನಿಮ್ಮಲ್ಲಿಟ್ಟುಕೊಳ್ಳಿ.