ತೆರಿಗೆ ಕಟ್ಟಿದ್ದಾಯಿತು, ಲೆಕ್ಕ ಮುಗಿಯಿತೇ?

ಸಣ್ಣ ಸಂಸ್ಥೆಗಳ ಲೆಕ್ಕದ ಪುಸ್ತಕದಲ್ಲಿ ಒಂದೇ ಆದಾಯ ತೆರಿಗೆ ಮೂರು ಖಾತೆಗಳಲ್ಲಿ ಕಾಣಿಸುತ್ತದೆ: ಪ್ರಾವಿಷನ್, ಮುಂಗಡ ತೆರಿಗೆ ಮತ್ತು ಬರಬೇಕಾದ ಟಿಡಿಎಸ್. ಮೂರನ್ನೂ ಒಂದಕ್ಕೊಂದು ತಾಳೆ ಹಾಕದೆ ಬಿಟ್ಟರೆ ಅವು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಾ ಹೋಗಿ, ಯಾವ ಬಾಕಿ ಯಾವ ವರ್ಷದ್ದು ಎಂಬುದೇ ಗೊತ್ತಾಗದಂತಾಗುತ್ತದೆ.

ಪೀಣ್ಯದಲ್ಲಿ ಲೇತ್ ಇಟ್ಟುಕೊಂಡು ದೊಡ್ಡ ಕಾರ್ಖಾನೆಗಳಿಗೆ ಜಾಬ್‌ವರ್ಕ್ ಮಾಡಿಕೊಡುವ ಇಬ್ಬರು ಪಾಲುದಾರರ ಸಂಸ್ಥೆಯೊಂದನ್ನು ಊಹಿಸಿಕೊಳ್ಳಿ. 2024-25ರಲ್ಲಿ ಅದರ ಪುಸ್ತಕದ ಲಾಭ 9,60,000 ರೂಪಾಯಿ. ತೆರಿಗೆಗೆ ಹಿಡಿಯುವ ಲಾಭ ಇದಲ್ಲ. ಟೂಲ್ಸ್ ಅಂಗಡಿಗೆ ಒಂದೇ ದಿನ 40,000 ನಗದು ಕೊಟ್ಟಿದ್ದಾರೆ. ಒಬ್ಬರಿಗೆ ಒಂದು ದಿನಕ್ಕೆ 10,000 ಮೀರಿ ನಗದಾಗಿ ಕೊಟ್ಟ ಖರ್ಚನ್ನು ಕಾಯ್ದೆ ಒಪ್ಪುವುದಿಲ್ಲ. ಅದನ್ನು ಸೇರಿಸಿದರೆ ತೆರಿಗೆಯ ಆದಾಯ 10 ಲಕ್ಷ. ಪಾಲುದಾರಿಕೆ ಸಂಸ್ಥೆಗೆ 30% ತೆರಿಗೆ, ಅದರ ಮೇಲೆ 4% ಸೆಸ್, ಒಟ್ಟು 3,12,000.

ಈ ಮೊತ್ತವನ್ನು ಮಾರ್ಚ್ 31ರ ತಾರೀಖಿಗೆ ಲಾಭ-ನಷ್ಟ ಖಾತೆಗೆ ಡೆಬಿಟ್ ಮಾಡಿ, ಪ್ರಾವಿಷನ್ ಖಾತೆಗೆ ಕ್ರೆಡಿಟ್ ಮಾಡಬೇಕು. ಆಮೇಲೆ ಉಳಿದದ್ದಷ್ಟೇ ಪಾಲುದಾರರು ಹಂಚಿಕೊಳ್ಳಬಹುದಾದ ಲಾಭ. ಪ್ರಾವಿಷನ್ ಮಾಡದೆ ಇಡೀ 9,60,000 ಹಂಚಿಕೊಂಡರೆ, ಸರ್ಕಾರಕ್ಕೆ ಕೊಡಬೇಕಾದ ಹಣವನ್ನೂ ಮನೆಗೆ ಒಯ್ದಂತೆ.

ಮುಂಗಡ ತೆರಿಗೆ ಈ ಖರ್ಚಿನ ಭಾಗವಲ್ಲ. ಜೂನ್, ಸೆಪ್ಟೆಂಬರ್, ಡಿಸೆಂಬರ್ ಮತ್ತು ಮಾರ್ಚ್ 15ರೊಳಗೆ ಕಟ್ಟುವ ಕಂತುಗಳು, ಲೆಕ್ಕ ಇತ್ಯರ್ಥವಾಗುವವರೆಗೆ ಸರ್ಕಾರದ ಬಳಿ ಇಟ್ಟ ನಮ್ಮ ದುಡ್ಡು. ಅದನ್ನು ಆಸ್ತಿಯ ಕಡೆ ಬರೆಯಬೇಕು. ನಮ್ಮ ಸಂಸ್ಥೆ ನಾಲ್ಕು ಕಂತಿನಲ್ಲಿ 2,00,000 ಕಟ್ಟಿದೆ.

ಟಿಡಿಎಸ್ ಕೂಡ ಹಾಗೆಯೇ. ಜಿಎಸ್‌ಟಿ ಬಿಟ್ಟು ಒಂದು ಲಕ್ಷದ ಬಿಲ್ಲಿಗೆ ಗ್ರಾಹಕರು 2% ಹಿಡಿದುಕೊಂಡು 98,000 ಕಳಿಸುತ್ತಾರೆ. ಆಗ ಬ್ಯಾಂಕಿಗೆ 98,000, ಬರಬೇಕಾದ ಟಿಡಿಎಸ್‌ಗೆ 2,000 ಡೆಬಿಟ್. ಆದಾಯ ಮಾತ್ರ ಪೂರ್ತಿ ಒಂದು ಲಕ್ಷ. ಬ್ಯಾಂಕಿಗೆ ಬಂದಷ್ಟನ್ನೇ ಆದಾಯವೆಂದು ಬರೆಯುವವರಿದ್ದಾರೆ. ವರ್ಷಕ್ಕೆ 45 ಲಕ್ಷದ ಬಿಲ್ಲಿನ ಮೇಲೆ 90,000 ಟಿಡಿಎಸ್ ಆಗಿದ್ದರೆ, ಅವರ ಪುಸ್ತಕದಲ್ಲಿ ಆದಾಯವೂ ಅಷ್ಟೇ ಕಡಿಮೆ ಕಾಣುತ್ತದೆ. ಇಲಾಖೆಯ 26ಎಎಸ್ ಪಟ್ಟಿಯಲ್ಲಿ ಇರುವುದು ಪೂರ್ತಿ 45 ಲಕ್ಷ. ವ್ಯತ್ಯಾಸಕ್ಕೆ ವಿವರಣೆ ಕೊಡಬೇಕಾದವರು ಇವರೇ.

ಈಗ ಮೂರನ್ನೂ ಕೂಡಿಸೋಣ. ಪ್ರಾವಿಷನ್ 3,12,000ದಲ್ಲಿ ಮುಂಗಡ 2,00,000 ಮತ್ತು ಟಿಡಿಎಸ್ 90,000 ಕಳೆದರೆ 22,000 ಉಳಿಯುತ್ತದೆ. ಬ್ಯಾಲೆನ್ಸ್ ಶೀಟಿನಲ್ಲಿ ಕೊಡಬೇಕಾದ ತೆರಿಗೆ ಇಷ್ಟೇ. ರಿಟರ್ನ್ ಸಲ್ಲಿಸುವ ಮೊದಲು ಇದನ್ನು ಸ್ವಯಂ ನಿರ್ಧಾರಣೆ ತೆರಿಗೆಯಾಗಿ, ಕೊನೆಯ ಕಂತಿನ ಕೊರತೆಗೆ ಬೀಳುವ 1% ಬಡ್ಡಿ 220 ರೂಪಾಯಿಯ ಜೊತೆ ಕಟ್ಟಬೇಕು. ಬಡ್ಡಿಯನ್ನು ಬೇರೆ ಖಾತೆಯಲ್ಲಿ ತೋರಿಸಿ. ತೆರಿಗೆಯೊಡನೆ ಬೆರೆಸಿದರೆ ಮುಂದೆ ತಾಳೆ ಬರುವುದಿಲ್ಲ.

ತೊಡಕು ಸಾಮಾನ್ಯವಾಗಿ ಬರುವುದು ಟಿಡಿಎಸ್‌ನಲ್ಲಿ. ಪುಸ್ತಕದಲ್ಲಿ 90,000 ಇದೆ, 26ಎಎಸ್‌ನಲ್ಲಿ 78,000 ಮಾತ್ರ ಕಾಣುತ್ತದೆ ಎನ್ನಿ. ಗ್ರಾಹಕರೊಬ್ಬರು 12,000 ಹಿಡಿದುಕೊಂಡಿದ್ದಾರೆ, ಆದರೆ ತಮ್ಮ ಟಿಡಿಎಸ್ ರಿಟರ್ನ್ ಸಲ್ಲಿಸಿಲ್ಲ ಅಥವಾ ತಪ್ಪು ಪ್ಯಾನ್ ನಮೂದಿಸಿದ್ದಾರೆ. ಹಾಗೇ ರಿಟರ್ನ್ ಹಾಕಿದರೆ ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದಿಂದ ಆ 12,000ಕ್ಕೂ ಅದರ ಬಡ್ಡಿಗೂ ಬೇಡಿಕೆ ಬರುತ್ತದೆ. ಬಿಲ್ಲನ್ನೂ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ಇಟ್ಟುಕೊಂಡು ಆ ಗ್ರಾಹಕರಿಂದ ತಿದ್ದುಪಡಿ ಮಾಡಿಸುವುದೇ ದಾರಿ. ಅಲ್ಲಿಯವರೆಗೆ ಆ ಮೊತ್ತವನ್ನು ಗ್ರಾಹಕರ ಹೆಸರಿನೊಡನೆ ಬಾಕಿ ಎಂದೇ ತೋರಿಸಬೇಕು. ಜನವರಿ-ಮಾರ್ಚ್ ಅವಧಿಯ ಟಿಡಿಎಸ್ ರಿಟರ್ನಿಗೆ ಮೇ 31ರವರೆಗೆ ಗಡುವಿರುವುದರಿಂದ, ಏಪ್ರಿಲ್‌ನಲ್ಲಿ ತೆಗೆದ 26ಎಎಸ್ ಅಪೂರ್ಣವಾಗಿರಬಹುದು. ಜೂನ್‌ನಲ್ಲಿ ಮತ್ತೊಮ್ಮೆ ತೆಗೆದು, ಗ್ರಾಹಕರವಾರು ಹೋಲಿಸಿ.

ರಿಟರ್ನ್ ಒಪ್ಪಿಕೊಂಡ ಸೂಚನೆ ಬಂದ ಮೇಲೆ ಖಾತೆಗಳನ್ನು ಮುಚ್ಚಬೇಕು. ಪ್ರಾವಿಷನ್‌ಗೆ 3,12,000 ಡೆಬಿಟ್. ಮುಂಗಡ 2,00,000, ಟಿಡಿಎಸ್ 90,000, ಸ್ವಯಂ ನಿರ್ಧಾರಣೆ 22,000 ಕ್ರೆಡಿಟ್. ನಾಲ್ಕೂ ಸೊನ್ನೆಯಾಗುತ್ತವೆ. ಇಲಾಖೆ ನಿರ್ಧರಿಸಿದ ತೆರಿಗೆ ಹೆಚ್ಚು-ಕಡಿಮೆ ಇದ್ದರೆ ವ್ಯತ್ಯಾಸವನ್ನು ‘ಹಿಂದಿನ ವರ್ಷದ ತೆರಿಗೆ’ ಎಂದು ಬರೆಯಿರಿ. ರೀಫಂಡಿನ ಜೊತೆ ಬಡ್ಡಿ ಬಂದರೆ ಅದು ಆ ವರ್ಷದ ಆದಾಯ.

ನಿಮ್ಮ ಪುಸ್ತಕದಲ್ಲಿ ಈ ಖಾತೆಗಳ ಹೆಸರಿನ ಮುಂದೆ ವರ್ಷ ಬರೆದಿಲ್ಲದಿದ್ದರೆ ಇವತ್ತೇ ಬರೆಯಿರಿ. ಸೊನ್ನೆಯಾಗದೆ ಉಳಿದ ಹಳೆಯ ವರ್ಷಗಳಿದ್ದರೆ ಅವುಗಳ ಸೂಚನಾ ಪತ್ರ ಮತ್ತು 26ಎಎಸ್ ತೆಗೆಸಿ, ಹಳೆಯದರಿಂದ ಒಂದೊಂದಾಗಿ ಮುಗಿಸುತ್ತಾ ಬನ್ನಿ.