ಸಹಸಂಬಂಧ ಸೊನ್ನೆ, ಆದರೂ ನಂಟು ಬಿಟ್ಟಿಲ್ಲ

ಎರಡು ಅಳತೆಗಳ ನಡುವಿನ ಸಹಸಂಬಂಧ ಸೊನ್ನೆ ಎಂದು ಲೆಕ್ಕ ಬಂದರೆ ಅವು ಪರಸ್ಪರ ಸ್ವತಂತ್ರ ಎಂದು ಬರೆದುಬಿಡುವವರು ಬಹಳ. ಸಹಸಂಬಂಧ ನೋಡುವುದು ಒಂದನ್ನೇ: ಒಂದು ಹೆಚ್ಚಿದಾಗ ಇನ್ನೊಂದು ಒಟ್ಟಾರೆ ಸರಳರೇಖೆಯ ಜಾಡಿನಲ್ಲಿ ಏರುತ್ತದೆಯೋ, ಇಳಿಯುತ್ತದೆಯೋ? ಸ್ವತಂತ್ರ ಎನ್ನಬೇಕಾದರೆ ಒಂದರ ಬೆಲೆ ಗೊತ್ತಾದರೂ ಇನ್ನೊಂದರ ಬಗ್ಗೆ ಏನೇನೂ ಸುಳಿವು ಸಿಗಬಾರದು. ಇದು ತುಂಬ ಕಠಿಣವಾದ ಷರತ್ತು.

ಆದರೂ ಆ ತೀರ್ಮಾನ ಸರಿಯಾಗುವ ಒಂದು ಸಂದರ್ಭವಿದೆ. 1886ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ತಂದೆತಾಯಿಯರ ಮತ್ತು ಬೆಳೆದ ಮಕ್ಕಳ ಎತ್ತರಗಳನ್ನು ಒಂದೇ ಕೋಷ್ಟಕದಲ್ಲಿ ಬರೆದು, ಎಣಿಕೆ ಸಮನಾಗಿದ್ದ ಜಾಗಗಳನ್ನು ಗೆರೆಯಿಂದ ಸೇರಿಸಿದಾಗ ಓರೆಯಾದ ದೀರ್ಘವೃತ್ತಗಳು ಮೂಡಿದವು. ಅದೇ ಜಂಟಿ ನಾರ್ಮಲ್ ವಿತರಣೆಯ ಚಹರೆ. ಸರಾಸರಿ 0, ವ್ಯತ್ಯಯ 1 ಆಗುವಂತೆ ಅಳತೆಗಳನ್ನು ಹೊಂದಿಸಿಕೊಂಡರೆ ಅದರ ಸೂತ್ರದ ತಿರುಳು x² − 2ρxy + y². ಇಲ್ಲಿ ρ ಎಂಬುದು ಸಹಸಂಬಂಧ. x ಮತ್ತು y ಕೂಡಿಕೊಳ್ಳುವುದು ನಡುವಿನ ಪದದಲ್ಲಿ ಮಾತ್ರ. ρ ಸೊನ್ನೆಯಾದರೆ ಆ ಪದವೇ ಅಳಿಸಿಹೋಗಿ, ಸೂತ್ರ x ಒಂದು ಪಾಲು, y ಒಂದು ಪಾಲು ಎಂದು ಒಡೆಯುತ್ತದೆ. ಸ್ವತಂತ್ರ ಎಂದರೆ ಅದೇ.

ಎಡವುವುದು 'ಜಂಟಿ' ಎಂಬ ಷರತ್ತನ್ನು ಮರೆತಾಗ. ಎರಡೂ ಬಿಡಿಬಿಡಿಯಾಗಿ ಗಂಟೆಯಾಕಾರದಲ್ಲಿದ್ದರೆ ಸಾಕು ಎಂದುಕೊಳ್ಳುತ್ತೇವೆ. ಸಾಲದು. X ಎಂಬ ಒಂದು ನಾರ್ಮಲ್ ಸಂಖ್ಯೆಯನ್ನು ಆರಿಸಿ, ಒಂದು ನಾಣ್ಯ ಚಿಮ್ಮಿ. ತಲೆ ಬಿದ್ದರೆ Y = X, ಬಾಲ ಬಿದ್ದರೆ Y = −X. ಗಂಟೆಯ ಎಡಬಲಗಳು ಒಂದೇ ರೀತಿ ಇರುವುದರಿಂದ ಚಿಹ್ನೆ ಬದಲಾದರೂ Y ಕೂಡ ಅಚ್ಚುಕಟ್ಟಾದ ನಾರ್ಮಲ್. XY ಗುಣಲಬ್ಧ ಅರ್ಧದಷ್ಟು ಸಲ X², ಉಳಿದರ್ಧ −X². ಹೀಗಾಗಿ ಸರಾಸರಿ ಸೊನ್ನೆ, ಸಹಸಂಬಂಧವೂ ಸೊನ್ನೆ. ಆದರೆ X 2.3 ಎಂದು ಹೇಳಿದೊಡನೆ Y 2.3 ಅಥವಾ −2.3, ಬೇರೆ ದಾರಿಯೇ ಇಲ್ಲ. ಇದನ್ನು ಸ್ವತಂತ್ರ ಎನ್ನುವುದು ಹೇಗೆ?

ನಷ್ಟ ಕಾಣುವುದು ಅಂಚಿನಲ್ಲಿ. ನಾರ್ಮಲ್ ಸಂಖ್ಯೆಯೊಂದು 2ನ್ನು ದಾಟುವ ಅಥವಾ −2ಕ್ಕಿಂತ ಕೆಳಗಿಳಿಯುವ ಸಂಭವ ಸುಮಾರು ಶೇ. 4.6. ನಿಜಕ್ಕೂ ಸ್ವತಂತ್ರವಾಗಿದ್ದರೆ ಎರಡೂ ಒಟ್ಟಿಗೆ ಹಾಗಾಗುವುದು ಶೇ. 0.2ರಷ್ಟು. ನಮ್ಮ ನಾಣ್ಯದ ಆಟದಲ್ಲಿ ಒಂದು ಹಾರಿದರೆ ಇನ್ನೊಂದೂ ಹಾರಿರುತ್ತದೆ, ಅಂದರೆ ಶೇ. 4.6ಕ್ಕೆ 4.6. ಎರಡು ಅವಘಡಗಳು ಒಟ್ಟಿಗೆ ಬರಲಾರವೆಂದು ನಂಬಿ ಹಣ ಕಟ್ಟಿದವನ ಅಂದಾಜು ಇಪ್ಪತ್ತು ಪಟ್ಟಿಗೂ ಹೆಚ್ಚು ತಪ್ಪುತ್ತದೆ.

ಪತ್ತೆ ಹಚ್ಚಲು ಎರಡನ್ನೂ ಕೂಡಿ ನೋಡಬೇಕು. ಜಂಟಿ ನಾರ್ಮಲ್ ಆದರೆ X + Y ಕೂಡ ನಾರ್ಮಲ್ ಆಗಲೇಬೇಕು. ಇಲ್ಲಿ ಅದು ಅರ್ಧದಷ್ಟು ಸಲ ಸರಿಯಾಗಿ ಸೊನ್ನೆ. ಚುಕ್ಕಿಗಳನ್ನು ಹಾಳೆಯ ಮೇಲೆ ಇಟ್ಟರೆ ವೃತ್ತದ ಬದಲು ಗುಣಾಕಾರದ ಚಿಹ್ನೆ ಮೂಡುತ್ತದೆ. X², Y²ಗಳ ಸಹಸಂಬಂಧ ತೆಗೆದರೆ ಪೂರ್ತಿ 1. ಆದರೆ ವರ್ಗಗಳ ಸಹಸಂಬಂಧ ಸೊನ್ನೆ ಬಂದಿತೆಂದು ಮತ್ತೆ 'ಸ್ವತಂತ್ರ' ಎಂದು ಬರೆಯಹೊರಟರೆ ಹಳೆಯ ತಪ್ಪೇ ಮರುಕಳಿಸೀತು; ಆ ಪರೀಕ್ಷೆ ನಂಟನ್ನು ತೋರಿಸಬಲ್ಲದೇ ಹೊರತು ನಂಟಿಲ್ಲವೆಂದು ಸಾಧಿಸಲಾರದು.