ನಲವತ್ತರ ತಿರುವು

1960ರ ದಶಕದ ಕೊನೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಡೇನಿಯಲ್ ಲೆವಿನ್ಸನ್‌ಗೆ ಆಗ ನಲವತ್ತಾರು ದಾಟಿತ್ತು. ತನ್ನೊಳಗಿನ ತಳಮಳಕ್ಕೂ ಉತ್ತರ ಹುಡುಕುತ್ತ ಅವರು 35ರಿಂದ 45ರ ನಡುವಿನ ನಲವತ್ತು ಗಂಡಸರನ್ನು ಮಾತಿಗೆ ಕೂರಿಸಿಕೊಂಡರು. ಕಾರ್ಖಾನೆ ಕಾರ್ಮಿಕರು, ಕಂಪನಿ ಅಧಿಕಾರಿಗಳು, ಜೀವವಿಜ್ಞಾನಿಗಳು, ಕಾದಂಬರಿಕಾರರು: ತಲಾ ಹತ್ತು ಮಂದಿ. ಫಲವಾಗಿ 1978ರಲ್ಲಿ ಪುಸ್ತಕವೊಂದು ಬಂತು.

ಲೆವಿನ್ಸನ್ ಕಂಡುಕೊಂಡದ್ದು ಇಷ್ಟು. ಇಪ್ಪತ್ತರ ಹರೆಯದಲ್ಲಿ ಮನುಷ್ಯ ಒಂದು ಕನಸು ಕಟ್ಟಿಕೊಳ್ಳುತ್ತಾನೆ. ಮೂವತ್ತರ ದಶಕವಿಡೀ ಅದರ ಏಣಿ ಹತ್ತುತ್ತಾನೆ. ನಲವತ್ತರ ಹೊತ್ತಿಗೆ ಏಣಿ ಮುಗಿದಂತೆ, ಸಮತಟ್ಟು ನೆಲ ಸಿಕ್ಕಂತೆ ಅನಿಸತೊಡಗುತ್ತದೆ. ಸೋತವನಿಗೆ ಕನಸು ಕೈತಪ್ಪಿದ ನೋವು. ಗೆದ್ದವನ ಪಾಡೇನೂ ಹಗುರವಲ್ಲ: 'ಇಷ್ಟೇನಾ?' ಎಂಬ ಪ್ರಶ್ನೆ ಅವನನ್ನೂ ಬಿಡದು. ಅದುಮಿಟ್ಟ ಆಸೆಗಳು ತಲೆಯೆತ್ತುತ್ತವೆ. ಕೆಲಸ, ದಾಂಪತ್ಯ, ಊರು ಯಾವುದನ್ನಾದರೂ ಬದಲಿಸಬೇಕೆನಿಸುತ್ತದೆ. ಲೆವಿನ್ಸನ್ ಇದನ್ನು ಕಾಯಿಲೆ ಎನ್ನಲಿಲ್ಲ. ಬಾಲ್ಯ, ಹದಿಹರೆಯಗಳಂತೆ ಬೆಳವಣಿಗೆಯ ಒಂದು ಘಟ್ಟ, ಸುಮಾರು ಐದು ವರ್ಷದ್ದು ಎಂದರು. ಅವರ ಲೆಕ್ಕದಲ್ಲಿ ಐವರಲ್ಲಿ ನಾಲ್ವರಿಗೆ ಅದು ಬಿರುಗಾಳಿಯಂಥ ಕಾಲ.

ಆದರೆ ನಲವತ್ತು ಮಂದಿ, ಅದೂ ಗಂಡಸರೇ! ಹೆಂಗಸರ ಕುರಿತ ಅವರ ಪುಸ್ತಕ ಹೊರಬಂದದ್ದು ಅವರು ತೀರಿಕೊಂಡ ಮೇಲೆ, 1996ರಲ್ಲಿ.

ಮುಂದೆ ಸಮಾಜಶಾಸ್ತ್ರಜ್ಞೆ ಎಲೇನ್ ವೆದಿಂಗ್ಟನ್ ನೂರಾರು ಅಮೆರಿಕನ್ನರನ್ನು ಕೇಳಿದಾಗ, ನಡುವಯಸ್ಸಿನ ಬಿಕ್ಕಟ್ಟು ಕಂಡೆವೆಂದವರು ಸುಮಾರು ಕಾಲುಭಾಗ ಮಾತ್ರ. ಅವರಲ್ಲಿ ಅನೇಕರು ಬೊಟ್ಟು ಮಾಡಿದ್ದು ವಯಸ್ಸಿನತ್ತ ಅಲ್ಲ; ಹೋದ ಕೆಲಸ, ಮುರಿದ ಮದುವೆಯಂಥ ಪೆಟ್ಟುಗಳತ್ತ.